ದರ ಏರಿಲ್ಲ, ತೆರಿಗೆ ಏರಿದೆ: ಜಾಬ್‌ವರ್ಕ್ ಗ್ರಾಹಕರಿಗೆ ಪತ್ರ ಬರೆಯುವ ಬಗೆ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ಶೇ 12ರ ಹಂತ ಬಹುಮಟ್ಟಿಗೆ ಇಲ್ಲವಾದಾಗ ಪತ್ರಿಕೆಗಳ ತುಂಬ ತೆರಿಗೆ ಇಳಿಕೆಯ ಸುದ್ದಿಯೇ ಇತ್ತು. ಆದರೆ ಗ್ರಾಹಕ ಕಂಪನಿ ಕಳಿಸಿದ ಶೀಟನ್ನು ಕತ್ತರಿಸಿ, ಬಗ್ಗಿಸಿ, ವೆಲ್ಡಿಂಗ್ ಮಾಡಿ ಹಿಂದಿರುಗಿಸುವ ಫ್ಯಾಬ್ರಿಕೇಷನ್ ಘಟಕಗಳ ಪಾಲಿಗೆ ತೆರಿಗೆ ಶೇ 12ರಿಂದ 18ಕ್ಕೆ ಏರಿತು. ಇದನ್ನು ಗ್ರಾಹಕರಿಗೆ ತಿಳಿಸುವಾಗ ಹಲವರು ಪತ್ರದ ವಿಷಯದ ಸಾಲಿನಲ್ಲೇ ‘ದರ ಏರಿಕೆ’ ಎಂದು ಬರೆದು ಎಡವುತ್ತಾರೆ. ಆ ಎರಡು ಪದ ಕಂಡೊಡನೆ ಖರೀದಿ ವಿಭಾಗ ಚೌಕಾಸಿಗೆ ಕೂರುತ್ತದೆ. ಏರಿದ್ದು ಘಟಕದ ದರವಲ್ಲ, ಅದರ ಮೇಲಿನ ತೆರಿಗೆ. ಆದ್ದರಿಂದ ‘ವಿಷಯ: ಜಾಬ್‌ವರ್ಕ್ ಸೇವೆಯ ಮೇಲಿನ ಜಿಎಸ್‌ಟಿ ಪ್ರಮಾಣದಲ್ಲಿ ಬದಲಾವಣೆ’ ಎಂದೇ ಆರಂಭಿಸಬೇಕು. ಕೆಳಗಿನ ಮೊದಲ ವಾಕ್ಯ ಹೀಗಿರಲಿ: ‘ಮಾನ್ಯರೇ, ನಮ್ಮ ಲೇಬರ್ ದರ ಕಿಲೋಗೆ 20 ರೂಪಾಯಿ ಇದ್ದದ್ದು ಹಾಗೆಯೇ ಇದೆ.’

ಬರೆಯುವ ಮುನ್ನ ಗ್ರಾಹಕರ ಪಟ್ಟಿಯನ್ನು ಬೇರ್ಪಡಿಸಿಕೊಳ್ಳಬೇಕು. ಈ ಏರಿಕೆ ತಟ್ಟುವುದು ಜಿಎಸ್‌ಟಿ ನೋಂದಣಿ ಇರುವವರ ಮಾಲಿನ ಮೇಲೆ ಮಾಡುವ ಜಾಬ್‌ವರ್ಕಿಗೆ ಮಾತ್ರ. ಘಟಕವೇ ಕಬ್ಬಿಣ ಕೊಂಡು ಶೆಡ್ಡಿನ ಟ್ರಸ್ ಮಾಡಿ ಮಾರುತ್ತಿದ್ದರೆ ಮೊದಲೂ ಶೇ 18, ಈಗಲೂ 18. ನೋಂದಣಿ ಇಲ್ಲದ ಮನೆಯ ಮಾಲೀಕರು ತಾವೇ ಕಬ್ಬಿಣ ತಂದುಕೊಟ್ಟು ಗ್ರಿಲ್ ಮಾಡಿಸಿಕೊಂಡರೂ ಅಷ್ಟೇ. ಇವರಿಗೆಲ್ಲ ಪತ್ರ ಹೋದರೆ ಇಲ್ಲದ ಅನುಮಾನ ಹುಟ್ಟುತ್ತದೆ. ಪತ್ರದಲ್ಲಿ ಆಧಾರವನ್ನೂ ಕಾಣಿಸಬೇಕು: ಕೇಂದ್ರದ 2025ರ ಸೆಪ್ಟೆಂಬರ್ 17ರ ಅಧಿಸೂಚನೆ ಸಂಖ್ಯೆ 15/2025–ಕೇಂದ್ರ ತೆರಿಗೆ (ದರ), ಸೇವಾ ಸಂಕೇತ 9988. ‘ಸರ್ಕಾರದ ಹೊಸ ನಿಯಮದಂತೆ’ ಎಂದಷ್ಟೇ ಬರೆದರೆ ಲೆಕ್ಕಪತ್ರ ವಿಭಾಗಕ್ಕೆ ಹಿಡಿದು ನೋಡಲು ಏನೂ ಸಿಗುವುದಿಲ್ಲ.

‘ಆರು ಪರ್ಸೆಂಟ್ ತಾನೇ, ನೀವೇ ಹೊಂದಿಸಿಕೊಳ್ಳಿ’ ಎಂಬ ಮಾತು ಬಂದೇ ಬರುತ್ತದೆ. ಇದಕ್ಕೆ ಲೆಕ್ಕವೇ ಉತ್ತರ. 5,000 ಕಿಲೋ ಕೆಲಸಕ್ಕೆ ಲೇಬರ್ 1 ಲಕ್ಷ ರೂಪಾಯಿ. ಹಿಂದೆ ತೆರಿಗೆ 12,000 ಸೇರಿ ಬಿಲ್ 1,12,000 ಆಗುತ್ತಿತ್ತು, ಈಗ 1,18,000. ಹಳೆಯ ಮೊತ್ತಕ್ಕೇ ಬಿಲ್ ಮಾಡಿದರೆ ಅದರೊಳಗಿನಿಂದ ಶೇ 18ರ ತೆರಿಗೆ ಕಳೆದು ಘಟಕಕ್ಕೆ ಉಳಿಯುವುದು ಸುಮಾರು 94,915. ಅಂದರೆ ಐದು ಸಾವಿರ ರೂಪಾಯಿಗೂ ಹೆಚ್ಚು ನಷ್ಟ. ಇತ್ತ ಗ್ರಾಹಕ ಕಂಪನಿ ಆ 18,000ವನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪೂರ್ತಿ ಪಡೆಯುತ್ತದೆ. ಅದರ ನಿಜವಾದ ವೆಚ್ಚ ಅಂದೂ ಒಂದು ಲಕ್ಷ, ಇಂದೂ ಒಂದು ಲಕ್ಷ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಘಟಕ ಸೆಪ್ಟೆಂಬರ್ 25ರಂದು ಬಿಲ್ ಕೊಟ್ಟು, ಅಕ್ಟೋಬರ್ 11ರೊಳಗೆ GSTR-1 ಸಲ್ಲಿಸಿದರೆ, 14ರ ಹೊತ್ತಿಗೆ ಅದು ಗ್ರಾಹಕರ GSTR-2Bಯಲ್ಲಿ ಮೂಡುತ್ತದೆ. ಘಟಕ ಅಕ್ಟೋಬರಿನಲ್ಲೇ ತೆರಿಗೆ ಕಟ್ಟಿರುತ್ತದೆ, ಬಿಲ್ಲಿನ ಹಣ ಬರುವುದು ನವೆಂಬರಿನಲ್ಲಿ. ಕೈಯಿಂದ ಮೊದಲು ಹಾಕುವವರು ಯಾರೆಂಬುದನ್ನು ಪತ್ರದಲ್ಲಿ ಎರಡು ಸಾಲಿನಲ್ಲಿ ಹೇಳಿದರೆ ಸಾಕು, ಅಳುವ ಅಗತ್ಯವಿಲ್ಲ. ಆದರೆ ಈ ವಾದಕ್ಕೂ ಮಿತಿಯಿದೆ. ಕಾಂಪೊಸಿಷನ್ ಯೋಜನೆಯಲ್ಲಿರುವ ಗ್ರಾಹಕರಿಗೆ ಕ್ರೆಡಿಟ್ ಸಿಗುವುದಿಲ್ಲ. ಅವರಿಗೆ 6,000 ನಿಜವಾದ ಹೊರೆ. ‘ತೆರಿಗೆ ಸೇರಿ’ ಎಂದು ದರ ಒಪ್ಪಿಕೊಂಡಿರುವ ಒಪ್ಪಂದವಿದ್ದರೂ ಪತ್ರ ಸೂಚನೆಯ ಧಾಟಿಯಲ್ಲಿರದೆ ಮನವಿಯ ಧಾಟಿಯಲ್ಲಿರಬೇಕು.

ಹೆಚ್ಚು ಜಗಳ ಹುಟ್ಟುವುದು ತಾರೀಖಿನ ವಿಚಾರದಲ್ಲಿ. ‘ಮಾಲು ನಮಗೆ ಸೆಪ್ಟೆಂಬರ್ 18ಕ್ಕೇ ಬಂದಿದೆ, ಹಳೆಯ ತೆರಿಗೆಯನ್ನೇ ಹಾಕಿ’ ಎಂಬುದು ಮೇಲ್ನೋಟಕ್ಕೆ ನ್ಯಾಯ. ಕೇಂದ್ರ ಜಿಎಸ್‌ಟಿ ಕಾಯ್ದೆಯ 14ನೇ ಸೆಕ್ಷನ್ ಮಾತ್ರ ಕೆಲಸ ಮುಗಿದ ದಿನ, ಬಿಲ್ಲಿನ ದಿನ, ಹಣ ಬಂದ ದಿನ ಈ ಮೂರನ್ನೂ ನೋಡುತ್ತದೆ. ಮೂರರಲ್ಲಿ ಎರಡು ಯಾವ ಕಡೆ ಬೀಳುತ್ತವೋ ಆ ಕಡೆಯ ತೆರಿಗೆ ಎಂದು ನೆನಪಿಟ್ಟುಕೊಳ್ಳಬಹುದು. ಸೆಪ್ಟೆಂಬರ್ 18ರಂದು ಚಲನ್ ಮೇಲೆ ಮಾಲು ಹೋಗಿ, 24ಕ್ಕೆ ಬಿಲ್ ಆಗಿ, ನವೆಂಬರಿನಲ್ಲಿ ಹಣ ಬಂದಿದ್ದರೆ ಶೇ 18. ಅದೇ ಬಿಲ್ 20ಕ್ಕೆ ಆಗಿದ್ದರೆ ಶೇ 12. ಬಿಲ್ ಮಾಡಲು ತಡಮಾಡಿದ್ದು ಘಟಕವೇ ಆಗಿದ್ದರೆ ಅದನ್ನು ಒಪ್ಪಿಕೊಂಡುಬಿಡುವುದು ಮೇಲು. ಪೂರ್ತಿ ಹಣ 15ಕ್ಕೇ ಮುಂಗಡವಾಗಿ ಬಂದು, ಕೆಲಸವೂ 18ಕ್ಕೆ ಮುಗಿದಿದ್ದರೆ ಬಿಲ್ 24ರದಾದರೂ ಶೇ 12 ಸಾಕು.

ಕೊನೆಯ ಪ್ಯಾರಾ ತಿದ್ದುಪಡಿ ಪಿ.ಒ. ಕೇಳುವುದಕ್ಕೆ ಮೀಸಲು. ಗ್ರಾಹಕರ ಕಂಪ್ಯೂಟರಿನಲ್ಲಿ ಹಳೆಯ ಪಿ.ಒ. ಶೇ 12 ಎಂದೇ ಕೂತಿದ್ದರೆ 18ರ ಬಿಲ್ ತಾಳೆಯಾಗದೆ ಅಲ್ಲೇ ನಿಲ್ಲುತ್ತದೆ. ಮ್ಯಾನೇಜರು ಫೋನಿನಲ್ಲಿ ‘ಆಯ್ತು’ ಅಂದದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬಾಕಿಯಿರುವ ಪಿ.ಒ. ಸಂಖ್ಯೆಗಳನ್ನು ಒಂದೊಂದಾಗಿ ಬರೆದು, ಸಿಜಿಎಸ್‌ಟಿ ಶೇ 9, ಎಸ್‌ಜಿಎಸ್‌ಟಿ ಶೇ 9, ಹೊರರಾಜ್ಯದ ಗ್ರಾಹಕರಾದರೆ ಐಜಿಎಸ್‌ಟಿ ಶೇ 18 ಎಂದು ತಿದ್ದಿಕೊಡಲು ಕೋರಬೇಕು. ಗ್ಯಾಸು, ವೆಲ್ಡಿಂಗ್ ರಾಡು, ಕೂಲಿಯ ಖರ್ಚು ಹೆಚ್ಚಾಗಿ ಲೇಬರ್ ದರವನ್ನೂ ಏರಿಸಬೇಕಿದ್ದರೆ ಅದಕ್ಕೆ ಬೇರೆ ಪತ್ರ, ಬೇರೆ ತಾರೀಖು.