ಬಾಟಲಿಯ ಹಿಂಬದಿ ಓದಮ್ಮ

ನೋಡಮ್ಮ, ಮಗುವಿಗೆ ಮೂಗು ಸೋರುತ್ತಿದೆ, ರಾತ್ರಿಯಿಡೀ ಕೆಮ್ಮು ಎಂದು ಮೆಡಿಕಲ್ ಸ್ಟೋರಿನಿಂದ ಸಿರಪ್ ತಂದಿಟ್ಟುಕೊಂಡಿದ್ದೀಯ. ಕುಡಿಸುವ ಮೊದಲು ಆ ಬಾಟಲಿಯನ್ನು ಹಿಂದಕ್ಕೆ ತಿರುಗಿಸು. ಮುಂದೆ ದಪ್ಪಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು ಮಾತ್ರ. ಒಳಗೇನಿದೆ ಎಂಬುದು ಹಿಂಬದಿಯ ಸಣ್ಣಕ್ಷರದಲ್ಲಿರುತ್ತದೆ. ಮಕ್ಕಳ ನೆಗಡಿ ಸಿರಪ್ಪುಗಳಲ್ಲಿ ಸಾಮಾನ್ಯವಾಗಿ ಮೂರು ಹೆಸರು ಸಿಗುತ್ತವೆ: ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್. ಒಂದು ಚಮಚ ಕುಡಿಸಿದರೆ ಮೂರೂ ಒಟ್ಟಿಗೇ ಮಗುವಿನ ಹೊಟ್ಟೆ ಸೇರುತ್ತವೆ. ಬೇಕಾದದ್ದು ಒಂದೇ ಆದರೂ ಉಳಿದೆರಡನ್ನು ಬಿಡುವಂತಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಲೆಕ್ಕ ಹಾಕಿ ತೋರಿಸುತ್ತೇನೆ. ನಿನ್ನ ಮಗು ಹತ್ತು ಕೆಜಿ ಇದೆ ಎಂದುಕೋ. ಜ್ವರಕ್ಕೆ ಡಾಕ್ಟರು ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಒಂದು ಸಲಕ್ಕೆ 150 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬರೆದುಕೊಟ್ಟಿದ್ದಾರೆ. ನೀನು ಡ್ರಾಪ್ಸ್‌ನಲ್ಲಿ ಅಷ್ಟನ್ನೇ ಅಳೆದು ಕೊಟ್ಟೆ. ಆಮೇಲೆ ನೆಗಡಿಗೆ ಎಂದು ಈ ಸಿರಪ್ ಐದು ಎಂ.ಎಲ್. ಕುಡಿಸಿದೆ, ಅದರಲ್ಲೂ 125 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇತ್ತು. ಒಂದು ಹೊತ್ತಿಗೆ 275 ಆಯಿತು, ದಿನಕ್ಕೆ ನಾಲ್ಕು ಸಲ ಎಂದರೆ 1100. ಆ ತೂಕದ ಮಗುವಿಗೆ ದಿನಕ್ಕೆ 600ರ ಆಸುಪಾಸಿನಲ್ಲಿ ನಿಲ್ಲಬೇಕು. ಎರಡು ಮೂರು ದಿನ ಹೀಗೇ ಹೋದರೆ ಯಕೃತ್ತಿಗೆ ಪೆಟ್ಟು ಬೀಳಬಹುದು. ಮೊದಲಿಗೆ ಕಾಣುವುದು ವಾಂತಿ, ಊಟ ಬೇಡವೆನ್ನುವುದು, ಮಂಕು ಮಾತ್ರ. ಅದನ್ನು ಯಾವ ತಾಯಿಯೂ ನೆಗಡಿಯದೇ ಎಂದುಕೊಂಡುಬಿಡುತ್ತಾಳೆ.

ಇನ್ನುಳಿದೆರಡು. ಕ್ಲೋರ್‌ಫೆನಿರಮಿನ್ ನೆಗಡಿ ತಂದ ವೈರಸ್ಸನ್ನು ಮುಟ್ಟುವುದೇ ಇಲ್ಲ. ಅದು ಮಂಪರು ತರುತ್ತದೆ. ಮಗು ಮಲಗಿತು, ಮದ್ದು ಹಿಡಿಯಿತು ಎಂದು ಮನೆಯವರು ನೆಮ್ಮದಿಪಡುತ್ತಾರೆ. ಕೆಲವು ಮಕ್ಕಳಲ್ಲಿ ಇದು ತಿರುಗಾಮುರುಗಾ ಆಗಿ, ಅವು ನಿದ್ದೆಯಿಲ್ಲದೆ ರಚ್ಚೆ ಹಿಡಿಯುತ್ತವೆ. ಜೊತೆಗೆ ಕಫವನ್ನು ಒಣಗಿಸಿ ಗಟ್ಟಿ ಮಾಡುತ್ತದೆ. ಕಫ ಉಗುಳಲು, ಸಿಂಬಳ ಹೊರಹಾಕಲು ಬಾರದ ಮಗುವಿಗೆ ಅದನ್ನು ಮೇಲಕ್ಕೆ ತರಲು ಇರುವ ದಾರಿ ಕೆಮ್ಮು ಒಂದೇ. ಫಿನೈಲ್‌ಎಫ್ರಿನ್ ರಕ್ತನಾಳಗಳನ್ನು ಕಿರಿದಾಗಿಸುವ ಔಷಧ. ಬಾಯಿಂದ ಕುಡಿದಾಗ ಹೆಚ್ಚಿನ ಪಾಲು ಕರುಳು, ಯಕೃತ್ತಿನಲ್ಲೇ ಕರಗಿಹೋಗಿ ಮೂಗಿನವರೆಗೆ ಬರುವುದು ಅತ್ಯಲ್ಪ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರು, ಮಾಮೂಲು ಪ್ರಮಾಣದಲ್ಲಿ ಕುಡಿಯುವ ಫಿನೈಲ್‌ಎಫ್ರಿನ್‌ನಿಂದ ದೊಡ್ಡವರ ಕಟ್ಟಿದ ಮೂಗೂ ಬಿಡುವುದಿಲ್ಲ ಎಂದೇ ಹೇಳಿದರು. ಪ್ರಮಾಣ ಹೆಚ್ಚಾದರೆ ಮಾತ್ರ ಎದೆಬಡಿತ, ರಕ್ತದೊತ್ತಡಕ್ಕೆ ತೊಂದರೆ ತಪ್ಪಿದ್ದಲ್ಲ. ಉಪಕಾರ ಇಷ್ಟು ಕಡಿಮೆ ಇರುವಾಗ ಪುಟ್ಟ ದೇಹವನ್ನು ಏಕೆ ಅಪಾಯಕ್ಕೆ ಒಡ್ಡಬೇಕು?

ಅದಕ್ಕೇ ನಮ್ಮ ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಎರಡೂ ಸೇರಿದ ಡ್ರಾಪ್ಸನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಆ ಎಚ್ಚರಿಕೆಯನ್ನು ಲೇಬಲ್ಲಿನ ಮೇಲೇ ಅಚ್ಚು ಹಾಕಬೇಕು ಎಂದು ಆದೇಶಿಸಿದರು. ಆ ಡ್ರಾಪ್ಸ್‌ನ ಒಂದು ಎಂ.ಎಲ್.ನಲ್ಲಿ ಕ್ಲೋರ್‌ಫೆನಿರಮಿನ್ 2 ಮಿಲಿಗ್ರಾಂ, ಫಿನೈಲ್‌ಎಫ್ರಿನ್ 5 ಮಿಲಿಗ್ರಾಂ ತುಂಬಿರುತ್ತದೆ. ಅವಸರದಲ್ಲಿ ಡ್ರಾಪರ್ ಬಿಟ್ಟು ಚಮಚ ಹಿಡಿದರೆ ಏನಾಗುತ್ತದೆ, ನೀನೇ ಯೋಚಿಸು.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ತೀರಿಕೊಂಡ ಸುದ್ದಿ ನಿನಗೆ ನೆನಪಿರಬೇಕು. ಅಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿರಪ್ಪಿನಲ್ಲಿ ಬೆರೆತು ಮೂತ್ರಪಿಂಡ ಕೆಡಿಸಿತ್ತು. ಅದು ಬೇರೆಯೇ ಸಂಕಟ. ನಾನು ಹೇಳುತ್ತಿರುವುದು ಕಲಬೆರಕೆಯಿಲ್ಲದ, ಸರಿಯಾಗಿ ತಯಾರಾದ ಸಿರಪ್ಪಿಗೂ ಸಲ್ಲುತ್ತದೆ.

ಹಾಗಾದರೆ ಮಾಡುವುದೇನು ಎಂದು ಕೇಳುತ್ತೀಯ. ಹಾಲು ಕುಡಿಸುವ ಮೊದಲು, ಮಲಗಿಸುವ ಮೊದಲು ಮೂಗಿನ ಹೊಳ್ಳೆಗಳಿಗೆ ಸಲೈನ್ ಡ್ರಾಪ್ಸ್ ಹಾಕು, ಕಟ್ಟಿದ ಮೂಗು ಸಡಿಲಾಗುತ್ತದೆ. ವರ್ಷ ದಾಟಿದ ಮಗುವಿಗೆ ಮಲಗುವಾಗ ಅರ್ಧ ಟೀ ಚಮಚ ಜೇನುತುಪ್ಪ ಕೊಡು. ವರ್ಷದೊಳಗೆ ಜೇನು ನೆಕ್ಕಿಸಲೇಬೇಡ, ಅಜ್ಜಿ ಹೇಳಿದರೂ ಬೇಡ. ಅದರಿಂದ ಬೊಟುಲಿಸಂ ಎಂಬ ಕೆಟ್ಟ ಕಾಯಿಲೆ ಬರಬಹುದು. ಬಿಸಿನೀರಿನ ಪಾತ್ರೆಯಿಟ್ಟು ಹಬೆ ಹಿಡಿಸಬೇಡ, ಸುಟ್ಟುಕೊಂಡೀತು. ಜ್ವರದಿಂದ ನರಳುತ್ತಿದ್ದರೆ ಪ್ಯಾರಾಸಿಟಮಾಲ್ ಒಂದೇ ಇರುವ ಔಷಧ ಸಾಕು. ನೆಗಡಿ ವಾರ ಹತ್ತು ದಿನ ಇರುತ್ತದೆ, ಕೆಮ್ಮು ಇನ್ನೊಂದು ವಾರ ಎಳೆದರೂ ಆಶ್ಚರ್ಯವಿಲ್ಲ.

ಕೆಮ್ಮಿನ ಸದ್ದಿಗಿಂತ ಉಸಿರಿನ ಮೇಲೆ ಕಣ್ಣಿಡು. ಮಗು ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸು. ವರ್ಷ ದಾಟಿದ ಮಗುವಿಗೆ 40, ಎರಡು ತಿಂಗಳಿಂದ ವರ್ಷದವರೆಗೆ 50, ಇಷ್ಟು ಅಥವಾ ಇದಕ್ಕಿಂತ ಹೆಚ್ಚಾದರೆ ಆಸ್ಪತ್ರೆಗೆ ಹೊರಡು. ಎರಡು ತಿಂಗಳೂ ತುಂಬದ ಕೂಸಾದರೆ ಎಣಿಸುತ್ತಾ ಕೂರದೆ ನೇರ ಡಾಕ್ಟರ ಹತ್ತಿರ ಹೋಗು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಹಾಲು ನೀರು ಬೇಡವೆನ್ನುವುದು, ಎಬ್ಬಿಸಿದರೂ ಎಚ್ಚರಾಗದಿರುವುದು, ತುಟಿ ನೀಲಿಯಾಗುವುದು ಕಂಡರೆ ಬೆಳಗಾಗಲೆಂದು ಕಾಯಬೇಡ. ಸಿರಪ್ ಆಗಲೇ ಕುಡಿಸಿದ್ದರೆ ಬಾಟಲಿಯನ್ನೂ ಚೀಲಕ್ಕೆ ಹಾಕಿಕೋ. ಎಷ್ಟು ಸಲ, ಎಷ್ಟು ಚಮಚ ಎಂದು ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳು.