ಪೀಣ್ಯದಿಂದ ವೈಟ್‌ಫೀಲ್ಡ್‌ಗೆ: ನಾಲಿಗೆ ತಪ್ಪಿದ್ರೂ ಪ್ರತ್ಯಯ ಯಾಕೆ ತಪ್ಪಲ್ಲ?

ಕಾಲೇಜು ಮುಗಿಸಿ ವೈಟ್‌ಫೀಲ್ಡ್ ಮೆಟ್ರೋ ಸ್ಟೇಷನ್‌ನಲ್ಲಿ ನಿಂತಿದ್ದ ಗೆಳತಿಯೊಬ್ಬಳು ಫೋನ್‌ನಲ್ಲಿ ಅಮ್ಮನಿಗೆ ಹೇಳಿದ್ದು ಇದು: “ಪೀಣ್ಯದಿಂದ ವೈಟ್‌ಫೀಲ್ಡ್‌ಗೆ ಬರ್ತಿದೀನಿ... ಅಯ್ಯೋ ಅಲ್ಲ, ವೈಟ್‌ಫೀಲ್ಡ್‌ನಿಂದ ಪೀಣ್ಯಕ್ಕೆ!” ಮನೆ ಪೀಣ್ಯದಲ್ಲಿ, ತಾನು ನಿಂತಿರೋದು ವೈಟ್‌ಫೀಲ್ಡ್‌ನಲ್ಲಿ ಅಂತ ಅವಳಿಗೆ ಚೆನ್ನಾಗೇ ಗೊತ್ತಿತ್ತು. ತಕ್ಷಣ ತಾನೇ ಸರಿ ಮಾಡ್ಕೊಂಡಳು. ಅಂದ್ರೆ ಕೆಟ್ಟಿದ್ದು ತಿಳಿವಳಿಕೆ ಅಲ್ಲ. ಮನಸ್ಸಿನಲ್ಲಿದ್ದ ಮಾತು ಬಾಯಿಗೆ ಬರೋ ದಾರಿಯಲ್ಲಿ ಎಲ್ಲೋ ಎರಡು ಪದ ಜಾಗ ಬದಲಾಯಿಸಿದವು. ಎಲ್ಲಿ ಅನ್ನೋದು ನಮ್ಮ ಪ್ರಶ್ನೆ.

ಅವಳು ಹೇಳಬೇಕಿದ್ದ ವಾಕ್ಯದಲ್ಲಿ ಇದ್ದದ್ದು ‘ವೈಟ್‌ಫೀಲ್ಡ್‌ನಿಂದ’ ಮತ್ತು ‘ಪೀಣ್ಯಕ್ಕೆ’. ಇವೆರಡು ಪೂರ್ತಿಯಾಗಿ ಅದಲುಬದಲಾಗಿದ್ರೆ “ಪೀಣ್ಯಕ್ಕೆ ವೈಟ್‌ಫೀಲ್ಡ್‌ನಿಂದ ಬರ್ತಿದೀನಿ” ಅಂತ ಆಗ್ತಿತ್ತು. ಕನ್ನಡದಲ್ಲಿ ಅದು ತಪ್ಪೇ ಅಲ್ಲ, ಅರ್ಥವೂ ಕೆಡೋದಿಲ್ಲ. ಆದ್ರೆ ಹಾಗಾಗಲಿಲ್ಲ. ಊರಿನ ಹೆಸರುಗಳು ಮಾತ್ರ ಜಾಗ ಬಿಟ್ಟು ಓಡಿದವು. ‘ಎಲ್ಲಿಂದ’ ಅನ್ನೋ ಪ್ರತ್ಯಯ ಮೊದಲ ಜಾಗದಲ್ಲೇ, ‘ಎಲ್ಲಿಗೆ’ ಅನ್ನೋದು ಎರಡನೇ ಜಾಗದಲ್ಲೇ ಕೂತಿದ್ದವು. ಹೋಟೆಲ್ ಟೇಬಲ್ ಮೇಲೆ ತಟ್ಟೆಗಳು ಇದ್ದ ಹಾಗೇ ಇದ್ದು, ಅವುಗಳಲ್ಲಿರೋ ದೋಸೆ ಮತ್ತು ಇಡ್ಲಿ ಮಾತ್ರ ಅದಲುಬದಲಾದ ಹಾಗೆ.

ಇನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಶಾಲೆಯಲ್ಲಿ ಓದಿದ ಚತುರ್ಥಿ ವಿಭಕ್ತಿ ನೆನಪಿದೆಯಾ? ಅದಕ್ಕೆ ಎರಡು ವೇಷ ಇದೆ. ‘ಅ’ದಿಂದ ಮುಗಿಯೋ ವಸ್ತು, ಊರುಗಳ ಹೆಸರಿಗೆ ‘ಕ್ಕೆ’ ಬರುತ್ತೆ: ಮರಕ್ಕೆ, ಲೋಟಕ್ಕೆ, ಪೀಣ್ಯಕ್ಕೆ. ಉಳಿದವಕ್ಕೆ ‘ಗೆ’: ಮನೆಗೆ, ಕಾಫಿಗೆ, ವೈಟ್‌ಫೀಲ್ಡ್‌ಗೆ. ‘ಇಂದ’ಕ್ಕೂ ಇಂಥದ್ದೇ ಬುದ್ಧಿ: ಪೀಣ್ಯ‘ದಿಂದ’, ಆದ್ರೆ ವೈಟ್‌ಫೀಲ್ಡ್‌‘ನಿಂದ’. ಪ್ರತ್ಯಯಗಳು ತಮ್ಮ ಧ್ವನಿರೂಪದ ಸಮೇತ ಮೊದಲೇ ತಯಾರಾಗಿ ಕೂತಿದ್ದು, ಆಮೇಲೆ ಹೆಸರುಗಳು ಅದಲುಬದಲಾಗಿದ್ರೆ, ನಮಗೆ ಕೇಳಬೇಕಾಗಿದ್ದು “ಪೀಣ್ಯನಿಂದ ವೈಟ್‌ಫೀಲ್ಡಕ್ಕೆ”. ಕೇಳಿದ್ದು ಹಾಗಲ್ಲ. ಹೊಸದಾಗಿ ಬಂದು ಕೂತ ಹೆಸರಿಗೆ ಒಪ್ಪೋ ರೂಪವೇ ಬಂತು. ಅರ್ಥ ಕೆಟ್ಟರೂ ವ್ಯಾಕರಣ ಕೆಡಲಿಲ್ಲ.

ಇದರಿಂದ ಒಂದು ಕ್ರಮ ಸಿಗುತ್ತೆ. ಹೆಸರುಗಳು ಬದಲಾದ ಹೊತ್ತಿಗೆ ‘ಇಲ್ಲಿ ಎಲ್ಲಿಂದ, ಇಲ್ಲಿ ಎಲ್ಲಿಗೆ’ ಅನ್ನೋ ಚೌಕಟ್ಟು ಸಿದ್ಧವಾಗಿತ್ತು, ಆದ್ರೆ ಆ ಪ್ರತ್ಯಯದ ಸದ್ದು ‘ಕ್ಕೆ’ಯೋ ‘ಗೆ’ಯೋ ಅನ್ನೋದು ಇನ್ನೂ ತೀರ್ಮಾನ ಆಗಿರಲಿಲ್ಲ. ಸದ್ದಿನ ತೀರ್ಮಾನ ಅದಲುಬದಲಿನ ನಂತರದ ಹಂತ. ಪ್ರೋಗ್ರಾಂನ ಔಟ್‌ಪುಟ್ ಮಾತ್ರ ಕೈಲಿದ್ದಾಗ ಯಾವ ಫಂಕ್ಷನ್ ಮೊದಲು ಓಡಿತು ಅಂತ ನಾವು ಹುಡುಕೋದಿಲ್ವಾ, ಅದೇ ಕೆಲಸ ಇದು.

ಇಂಗ್ಲಿಷ್‌ನಲ್ಲಿ ಈ ತರ್ಕವನ್ನ ಗಟ್ಟಿಯಾಗಿ ಮುಂದಿಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್‌ನಲ್ಲಿದ್ದ ಭಾಷಾವಿಜ್ಞಾನಿ ವಿಕ್ಟೋರಿಯಾ ಫ್ರಾಂಕಿನ್. ವರ್ಷಗಟ್ಟಲೆ ಕಿವಿಗೆ ಬಿದ್ದ ಬಾಯಿತಪ್ಪುಗಳನ್ನು ಬರೆದಿಟ್ಟುಕೊಂಡು 1971ರಲ್ಲಿ ಅವರು ಒಂದು ಪ್ರಬಂಧ ಪ್ರಕಟಿಸಿದರು. ಇಂಥ ತಪ್ಪಿಗೆ ಒಂದು ಪ್ರಸಿದ್ಧ ಉದಾಹರಣೆ ಇದೆ: ‘ಎ ಮೇನಿಯಾಕ್ ಫಾರ್ ವೀಕೆಂಡ್ಸ್’ ಅನ್ನಬೇಕಿದ್ದವರು ‘ಎ ವೀಕೆಂಡ್ ಫಾರ್ ಮೇನಿಯಾಕ್ಸ್’ ಅಂದರು. ಬಹುವಚನ ಎರಡನೇ ಜಾಗದಲ್ಲೇ ಉಳೀತು. ಬಾಯಿಬಿಟ್ಟು ಹೇಳಿ ನೋಡಿ: ವೀಕೆಂಡ್ ಮುಂದೆ ಅದು ‘ಜ಼್’ ಅಂತ ಗುಂಯ್‌ಗುಡುತ್ತೆ, ಮೇನಿಯಾಕ್ ಮುಂದೆ ‘ಸ್’ ಅಂತ ಬರುತ್ತೆ. ತಪ್ಪಿದವರ ಬಾಯಲ್ಲಿ ಬಂದದ್ದು ‘ಸ್’. ನಮ್ಮ ‘ಕ್ಕೆ–ಗೆ’ ಕಥೆಯೇ. ಇಂಗ್ಲಿಷ್‌ನಲ್ಲಿ ಈ ವ್ಯತ್ಯಾಸ ಹಿಡಿಯೋಕೆ ಕಿವಿ ಚುರುಕಾಗಿರಬೇಕು. ಕನ್ನಡದಲ್ಲಿ ಇಡೀ ಅಕ್ಷರವೇ ಬದಲಾಗೋದ್ರಿಂದ ಯಾರಿಗಾದ್ರೂ ಕೇಳಿಸುತ್ತೆ. ಈ ವಿಷಯದಲ್ಲಿ ನಮ್ಮ ಭಾಷೆ ಒಳ್ಳೇ ಲ್ಯಾಬ್ ಅಂತ ನಮಗೆ ಅನ್ನಿಸ್ತು.

ಇನ್ನೊಂದು ಜಾತಿಯ ತಪ್ಪು ಇದೆ. ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಕೇಳಿದ್ದು: “ನಿಸಿ ಬೀರು ಬರ್ತಿಲ್ಲ.” ಬೇಕಾಗಿದ್ದದ್ದು ‘ಬಿಸಿ ನೀರು’. ಇಲ್ಲಿ ಪದ ಅಲ್ಲ, ಸದ್ದು ಬದಲಾಗಿದೆ. ಬರೆಯುವಾಗ ‘ಬಿ’ ಒಂದೇ ಅಕ್ಷರ, ‘ನೀ’ ಒಂದೇ ಅಕ್ಷರ. ಇಡೀ ಅಕ್ಷರಗಳು ಅದಲುಬದಲಾಗಿದ್ರೆ ‘ನೀಸಿ ಬಿರು’ ಅಂತ ಕೇಳಬೇಕಿತ್ತು. ಬಂದದ್ದು ‘ನಿಸಿ ಬೀರು’. ಹ್ರಸ್ವ ‘ಇ’, ದೀರ್ಘ ‘ಈ’ ಎರಡೂ ತಮ್ಮ ತಮ್ಮ ಜಾಗ ಬಿಡಲಿಲ್ಲ, ‘ಬ್’ ಮತ್ತು ‘ನ್’ ಮಾತ್ರ ಹಾರಿದವು. ಕಾಗುಣಿತದಲ್ಲಿ ಅಂಟಿಕೊಂಡಿರೋ ವ್ಯಂಜನ ಮತ್ತು ಸ್ವರ ಮಾತಿನ ತಯಾರಿಯಲ್ಲಿ ಬಿಡಿಬಿಡಿ ಭಾಗಗಳು.

ಈ ಎರಡು ಜಾತಿಗಳ ನಡತೆ ಬೇರೆ ಬೇರೆ ಅಂತ ತೋರಿಸಿದವರು ಮೆರಿಲ್ ಗ್ಯಾರೆಟ್, 1975ರಲ್ಲಿ. ಪದಗಳು ಅದಲುಬದಲಾದಾಗ ಹೆಚ್ಚಾಗಿ ನಾಮಪದದ ಜಾಗಕ್ಕೆ ನಾಮಪದ, ಕ್ರಿಯಾಪದದ ಜಾಗಕ್ಕೆ ಕ್ರಿಯಾಪದವೇ ಹೋಗುತ್ತೆ. ನಡುವೆ ಬೇರೆ ಪದಗಳಿದ್ರೂ ತೊಂದರೆ ಇಲ್ಲ. ಸದ್ದುಗಳು ಬದಲಾದಾಗ ಪದದ ಜಾತಿ ಲೆಕ್ಕಕ್ಕೇ ಇಲ್ಲ. ‘ಬಿಸಿ’ ವಿಶೇಷಣ, ‘ನೀರು’ ನಾಮಪದ, ಆದ್ರೆ ಅಕ್ಕಪಕ್ಕ ಇರಬೇಕು, ಅಷ್ಟೇ. ಹಾಗಾಗಿ ಗ್ಯಾರೆಟ್ ಎರಡು ಹಂತ ಇಟ್ಟರು. ಮೊದಲನೆಯದರಲ್ಲಿ ಯಾವ ಪದ ಯಾವ ಪಾತ್ರಕ್ಕೆ ಅನ್ನೋ ಹಂಚಿಕೆ. ಅಲ್ಲಿ ವಾಕ್ಯದ ದೊಡ್ಡ ಭಾಗ ಒಟ್ಟಿಗೆ ಕಣ್ಣೆದುರಿಗಿರುತ್ತೆ, ಸದ್ದು ಇನ್ನೂ ಇಲ್ಲ. ಎರಡನೆಯದರಲ್ಲಿ ಪ್ರತ್ಯಯ ಇರೋ ಚೌಕಟ್ಟಿಗೆ ಪದಗಳ ಸದ್ದು ತುಂಬೋದು, ಒಂದು ಸಲಕ್ಕೆ ಕೆಲವೇ ಪದ. ಪೀಣ್ಯ–ವೈಟ್‌ಫೀಲ್ಡ್ ಎಡವಟ್ಟು ಮೊದಲನೇ ಹಂತದ್ದು, ಬಿಸಿ ನೀರಿನದು ಎರಡನೇದು.

ಆದ್ರೆ ಕಿವಿಗೆ ಬಿದ್ದ ಪ್ರತಿಯೊಂದು ತಪ್ಪೂ ಸಾಕ್ಷಿ ಆಗಲ್ಲ. ಕ್ಯಾಂಟೀನ್‌ನಲ್ಲಿ ಒಬ್ಬ “ಅಣ್ಣಾ, ಕಾಫಿಗೆ ಲೋಟ ಹಾಕಿ” ಅಂದ. ‘ಲೋಟಕ್ಕೆ ಕಾಫಿ’ ಅದಲುಬದಲಾಗಿ, ‘ಕ್ಕೆ’ ಹೋಗಿ ‘ಗೆ’ ಬಂತು ಅಂತ ನಮಗೆ ಖುಷಿಯೋ ಖುಷಿ. ಆಮೇಲೆ ಹೊಳೀತು: ‘ಕಾಫಿಗೆ ಸಕ್ಕರೆ ಹಾಕಿ’ ಅನ್ನೋದು ದಿನಾ ಹೇಳೋ ಮಾತು. ಆ ರೂಢಿಯ ‘ಕಾಫಿಗೆ’ ಇಡಿಯಾಗಿ ನುಗ್ಗಿ ಬಂದಿರಬಹುದು. ಆಗ ‘ಗೆ’ ಯಾವಾಗ ತೀರ್ಮಾನವಾಯ್ತು ಅಂತ ಇದರಿಂದ ಹೇಳೋಕಾಗಲ್ಲ. ಅದಕ್ಕೇ ಬರೆದಿಡುವಾಗ ಹೇಳಿದ್ದರ ಜೊತೆ, ಹೇಳಬೇಕಿದ್ದದ್ದೇನು ಅಂತ ಆಗಲೇ ಅವರನ್ನೇ ಕೇಳಿ ಬರೀಬೇಕು, ಮುಂಚೆ ಏನು ಮಾತು ನಡೀತಿತ್ತು ಅಂತಲೂ. ನಮ್ಮ ಕಿವಿಯನ್ನೂ ಪೂರ್ತಿ ನಂಬೋ ಹಾಗಿಲ್ಲ. ಅದು ಎಷ್ಟೋ ತಪ್ಪನ್ನ ತಾನೇ ಸರಿಮಾಡಿಕೊಂಡು ಕೇಳುತ್ತೆ.

ಈ ತೊಂದರೆಗೆ ಬಾರ್ಸ್, ಮೋಟ್ಲಿ, ಮೆಕೇ ಎಂಬ ಮೂವರು 1975ರಲ್ಲಿ ತಪ್ಪನ್ನು ಲ್ಯಾಬ್‌ನಲ್ಲೇ ಹುಟ್ಟಿಸಿ ತೋರಿಸಿದರು. ‘ಬ... ಡ...’ ಕ್ರಮದಲ್ಲಿ ಶುರುವಾಗೋ ಪದಜೋಡಿಗಳನ್ನ ಒಂದರ ಹಿಂದೊಂದು ಮನಸ್ಸಲ್ಲೇ ಓದಿಸಿ, ಥಟ್ಟನೆ ಕ್ರಮ ತಿರುಗಿಸಿ ‘ಡಾರ್ನ್ ಬೋರ್’ ತೋರಿಸಿ ಜೋರಾಗಿ ಹೇಳಿ ಅಂದರೆ, ಕೆಲವರ ಬಾಯಲ್ಲಿ ‘ಬಾರ್ನ್ ಡೋರ್’ ಬರುತ್ತೆ. ಅದೇ ರೀತಿ ‘ಡಾರ್ಟ್ ಬೋರ್ಡ್’ ತೋರಿಸಿದ್ರೆ ‘ಬಾರ್ಟ್ ಡೋರ್ಡ್’ ಅಷ್ಟು ಸಲ ಬರಲ್ಲ, ಯಾಕಂದ್ರೆ ಅವು ಪದಗಳೇ ಅಲ್ಲ. ಸದ್ದಿನ ಹಂತಕ್ಕೆ ಪದಗಳ ಬಗ್ಗೆ ಏನೂ ಗೊತ್ತಿಲ್ಲದಿದ್ರೆ ಈ ವ್ಯತ್ಯಾಸ ಬರಬಾರದಿತ್ತು. ಅಂದ್ರೆ ಕೆಳಗಿನ ಹಂತದಿಂದ ಮೇಲಕ್ಕೂ ಸುದ್ದಿ ಹೋಗುತ್ತಿರಬೇಕು, ಇಲ್ಲವೇ ಬಾಯಿಂದ ಹೊರಬೀಳೋ ಮುಂಚೆ ಒಳಗೆ ಯಾರೋ ಚೆಕಿಂಗ್ ಮಾಡಿ ಅರ್ಥವಿಲ್ಲದ್ದನ್ನ ತಡೀತಿರಬೇಕು. ಎರಡೂ ಪಕ್ಷಕ್ಕೆ ವಾದಿಸೋರಿದ್ದಾರೆ. ನಾವು ಸದ್ಯಕ್ಕೆ ಎರಡನೇ ಪಕ್ಷ: ನಮ್ಮ ಗೆಳತಿ “ಅಯ್ಯೋ ಅಲ್ಲ” ಅಂದದ್ದು ಅಮ್ಮ ಆ ಕಡೆಯಿಂದ ಏನೂ ಹೇಳೋಕೆ ಮುಂಚೆಯೇ.