ಲ್ಯುಕೇಮಿಯಾ ಸ್ಲೈಡ್: ಹೆಸರು ಹುಡುಕುವ ಮುಂಚೆ ಸಾಲು ನೋಡಿ

ಪೆಥಾಲಜಿ ಪ್ರಾಯೋಗಿಕ ಪರೀಕ್ಷೆಯಲ್ಲಿ ರಕ್ತದ ಚಾರ್ಟ್ ಕೈಗೆ ಬಂದರೆ ವಿದ್ಯಾರ್ಥಿಗಳ ಕಣ್ಣು ಮೊದಲು ಹೋಗುವುದು ಬಿಳಿ ಕಣಗಳ ಒಟ್ಟು ಸಂಖ್ಯೆಯ ಮೇಲೆ. ಲಕ್ಷ ದಾಟಿದ್ದರೆ ಲ್ಯುಕೇಮಿಯಾ ಎಂದು ಬರೆದು, ಆಮೇಲೆ ನಾಲ್ಕು ಹೆಸರುಗಳಲ್ಲಿ ಯಾವುದು ಹೊಂದುತ್ತದೆ ಎಂದು ಹುಡುಕುತ್ತಾರೆ. ರಾಯಚೂರಿನಲ್ಲಿ ಓದುವ ಮಕ್ಕಳಿಗೆ ನಾನು ಹೇಳುವುದು ಇದನ್ನು ತಿರುಗಿಸಿ ಮಾಡಿ ಎಂದು. ಸಂಖ್ಯೆ ಮೂರು ಸಾವಿರವಿದ್ದರೂ ಅದು ಲ್ಯುಕೇಮಿಯಾ ಆಗಿರಬಹುದು, ಎಪ್ಪತ್ತು ಸಾವಿರವಿದ್ದರೂ ಬರೀ ಸೋಂಕಾಗಿರಬಹುದು. ಸ್ಲೈಡಿನ ಮೇಲಿನ ಕಣಗಳು ಎಳೆಯವೋ ಬಲಿತವೋ, ಎಳೆಯದರಿಂದ ಬಲಿತದ್ದರವರೆಗೆ ಸಾಲು ಪೂರ್ತಿ ಇದೆಯೋ ನಡುವೆ ಕಡಿದಿದೆಯೋ ಎಂಬುದನ್ನು ಮೊದಲು ನೋಡಬೇಕು. ರೋಗದ ಹೆಸರು ಆ ಸಾಲಿನಿಂದಲೇ ಬರುತ್ತದೆ.

ಒಂದು ಪರೀಕ್ಷಾ ಕೇಸ್ ಕಟ್ಟಿಕೊಳ್ಳೋಣ. ದೇವದುರ್ಗ ತಾಲ್ಲೂಕಿನ ಗೂಗಲ್ ಕಡೆಯ, ಕೃಷ್ಣೆಯ ದಂಡೆಯಲ್ಲಿ ಭತ್ತ ಬೆಳೆಯುವ 42 ವರ್ಷದ ರೈತ. ಮೂರು ತಿಂಗಳಿಂದ ಸುಸ್ತು. ಡಾಕ್ಟರ ಮುಂದೆ ಅವನು ಹೇಳುವುದು ಇಷ್ಟೇ: ‘ಎಡಪಕ್ಕಡಿಗೆ ಭಾರ ಆದಂಗ ಆಗ್ತದ್ರಿ, ಎರಡು ತುತ್ತು ಉಂಡ್ರ ಹೊಟ್ಟಿ ತುಂಬಿಬಿಡ್ತದ್ರಿ.’ ಅರ್ಧ ಉತ್ತರ ಈ ಮಾತಿನಲ್ಲೇ ಇದೆ. ಗುಲ್ಮ ಎಡಪಕ್ಕೆಲುಬಿನ ಅಂಚಿನಿಂದ 12 ಸೆಂಟಿಮೀಟರ್ ಕೆಳಗೆ ಇಳಿದು ಜಠರವನ್ನು ಒತ್ತುತ್ತಿದೆ. ನಮ್ಮ ಭಾಗದಲ್ಲಿ ಗುಲ್ಮ ದೊಡ್ಡದಾಗಿ ಬಂದವರಿಗೆ ಮಲೇರಿಯಾ ಇದೆಯೇ ಎಂದು ನೋಡುವುದು ರೂಢಿ, ನೋಡಲೇಬೇಕು. ಅದೇ ಸ್ಲೈಡಿನಲ್ಲಿ ಬಿಳಿ ಕಣಗಳನ್ನೂ ಎಣಿಸಬೇಕು.

ಸ್ಲೈಡ್ ಎಲ್ಲಿ ಎಳೆಯಬೇಕು

ಸ್ಮಿಯರನ್ನು ರಕ್ತ ತೆಗೆದ ಜಾಗದಲ್ಲೇ ಎಳೆಯುವುದು ಒಳ್ಳೆಯದು. ದೇವದುರ್ಗದಲ್ಲೋ ಮಾನ್ವಿಯಲ್ಲೋ ಬೆಳಿಗ್ಗೆ ತೆಗೆದ ಇಡಿಟಿಎ ಟ್ಯೂಬ್ ಬೇಸಿಗೆಯ ಬಿಸಿಲಲ್ಲಿ ಬಸ್ಸು ಹತ್ತಿ ಮಧ್ಯಾಹ್ನ ರಾಯಚೂರು ಮುಟ್ಟುವಷ್ಟರಲ್ಲಿ ಕಣಗಳು ಕೆಡಲು ಶುರುವಾಗಿರುತ್ತವೆ. ಕೋಶದ್ರವ್ಯದಲ್ಲಿ ಗುಳ್ಳೆಗಳು ಏಳುತ್ತವೆ, ದುಂಡಗಿದ್ದ ಕೋಶಕೇಂದ್ರ ಸೀಳಿದಂತೆ ಕಾಣುತ್ತದೆ. ಆಗ ಲಿಂಫೋಸೈಟ್ ಯಾವುದು, ಮೋನೋಸೈಟ್ ಯಾವುದು ಎಂದು ಅನುಭವಸ್ಥರೂ ತಡವರಿಸುತ್ತಾರೆ. ರಕ್ತ ತೆಗೆದ ಎರಡು ಗಂಟೆಯೊಳಗೆ ಮೂರು ನಾಲ್ಕು ಸ್ಲೈಡ್ ಎಳೆದು ಒಣಗಿಸಿ ಟ್ಯೂಬಿನ ಜೊತೆ ಕಳಿಸಿದರೆ ಈ ತೊಂದರೆ ಇರುವುದಿಲ್ಲ.

ಬಣ್ಣ ಹಾಕುವಾಗಲೂ ನಮ್ಮ ಸೆಕೆ ಕೈಕೊಡುತ್ತದೆ. ಲೀಶ್ಮನ್ ದ್ರಾವಣದಲ್ಲಿರುವುದು ಮೆಥನಾಲ್. ಸ್ಲೈಡಿನ ಮೇಲೆ ಹಾಕಿ ಎರಡು ನಿಮಿಷ ಬಿಡುವಾಗಲೇ ಅದು ಆರಿಹೋದರೆ ಬಣ್ಣದ ಪುಡಿ ಕಣಗಳ ಮೇಲೆ ಕೂರುತ್ತದೆ, ಅದನ್ನು ಬೇಸೋಫಿಲ್‌ನ ಗ್ರಾನ್ಯೂಲ್ ಎಂದು ಎಣಿಸಿದವರನ್ನು ನಾನು ಕಂಡಿದ್ದೇನೆ. ಇದನ್ನು ಪತ್ತೆಹಚ್ಚುವುದು ಸುಲಭ. ಪುಡಿಯಾದರೆ ಕಣಗಳ ನಡುವಿನ ಖಾಲಿ ಜಾಗದಲ್ಲೂ ಇರುತ್ತದೆ, ಗ್ರಾನ್ಯೂಲ್ ಕಣದ ಒಳಗೆ ಮಾತ್ರ ಇರುತ್ತದೆ. ಬಣ್ಣವನ್ನು ಸ್ವಲ್ಪ ಧಾರಾಳವಾಗಿ ಹಾಕಿ, ಆರುವ ಮುನ್ನ ಎರಡರಷ್ಟು ಬಫರ್ ನೀರು ಸೇರಿಸಿ.

ಎಣಿಸಿ, ಸಾಲು ಹಚ್ಚಿ

ನಮ್ಮ ರೈತನ ಹಿಮೋಗ್ಲೋಬಿನ್ 9.6. ಬಿಳಿ ಕಣಗಳು ಮೈಕ್ರೋಲೀಟರಿಗೆ 1,86,000. ಪ್ಲೇಟ್‌ಲೆಟ್ 5.2 ಲಕ್ಷ. ಸ್ಲೈಡಿನಲ್ಲಿ ನೂರು ಬಿಳಿ ಕಣಗಳಿಗೆ ಮೂರರಂತೆ ಕೋಶಕೇಂದ್ರವಿರುವ ಎಳೆಯ ಕೆಂಪು ಕಣಗಳಿವೆ. ಕೆಲವು ಯಂತ್ರಗಳು ಇವನ್ನೂ ಬಿಳಿ ಕಣವೆಂದೇ ಎಣಿಸುತ್ತವೆ. ಹಾಗಾಗಿ ಸಿಕ್ಕ ಸಂಖ್ಯೆಯನ್ನು ನೂರರಿಂದ ಗುಣಿಸಿ 103ರಿಂದ ಭಾಗಿಸಬೇಕು, ಸುಮಾರು 1,80,000 ಬರುತ್ತದೆ. ಇಲ್ಲಿ ಅದರಿಂದ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಆದರೆ ಸಂಖ್ಯೆ 12,000 ಇದ್ದು ಅಂಥ ಕೆಂಪು ಕಣಗಳು ನೂರಕ್ಕೆ ಐವತ್ತು ಇದ್ದರೆ ನಿಜವಾದ ಸಂಖ್ಯೆ 8,000. ಹೆಚ್ಚಾಗಿದೆ ಎಂದುಕೊಂಡದ್ದು ಹೆಚ್ಚಾಗಿಯೇ ಇರುವುದಿಲ್ಲ.

ಈಗ 200 ಕಣಗಳನ್ನು ಎಣಿಸಿ ಶೇಕಡಾವಾರು ಬರೆಯಿರಿ. ಎಳೆಯದರಿಂದ ಬಲಿತದ್ದಕ್ಕೆ ಕ್ರಮವಾಗಿ ಬರೆಯುವುದು ಮುಖ್ಯ: ಬ್ಲಾಸ್ಟ್ 2, ಪ್ರೋಮೈಲೋಸೈಟ್ 4, ಮೈಲೋಸೈಟ್ 24, ಮೆಟಾಮೈಲೋಸೈಟ್ 12, ಬ್ಯಾಂಡ್ 14, ನ್ಯೂಟ್ರೋಫಿಲ್ 32. ಅದರ ಕೆಳಗೆ ಇಯೋಸಿನೋಫಿಲ್ 4, ಬೇಸೋಫಿಲ್ 6, ಲಿಂಫೋಸೈಟ್ 2.

ಬರೆದದ್ದನ್ನು ಮೇಲಿನಿಂದ ಕೆಳಕ್ಕೆ ಓದಿ. ಸಾಲು ಎಲ್ಲೂ ಕಡಿದಿಲ್ಲ. ಒಂದೇ ಗದ್ದೆಯಲ್ಲಿ ಸಸಿ, ತೆಂಡೆ, ತೆನೆ ಮೂರೂ ಒಟ್ಟಿಗೆ ನಿಂತಂತೆ ಎಲ್ಲ ವಯಸ್ಸಿನ ಕಣಗಳೂ ಇವೆ. ಮೈಲೋಸೈಟಿನಲ್ಲಿ ಒಂದು ಉಬ್ಬು, ನ್ಯೂಟ್ರೋಫಿಲ್‌ನಲ್ಲಿ ಇನ್ನೊಂದು. ಮೈಲೋಸೈಟುಗಳು ಮೆಟಾಮೈಲೋಸೈಟುಗಳಿಗಿಂತ ಹೆಚ್ಚಿವೆ. ಇದು ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್‌ನ ಮುದ್ರೆ.

ಬ್ಲಾಸ್ಟ್ ಕಂಡಿತೆಂದು ಅಕ್ಯೂಟ್ ಲ್ಯುಕೇಮಿಯಾ ಎಂದು ಬರೆಯಬಾರದು. ಅದಕ್ಕೆ ಸಾಮಾನ್ಯವಾಗಿ ರಕ್ತದಲ್ಲಿ ಅಥವಾ ಮಜ್ಜೆಯಲ್ಲಿ ಬ್ಲಾಸ್ಟ್ ಶೇ 20 ಮುಟ್ಟಬೇಕು. ಹಳೆಯ ಪುಸ್ತಕಗಳಲ್ಲಿ ಶೇ 30 ಎಂದಿರುತ್ತದೆ, ಅದು 1976ರ ಎಫ್‌ಎಬಿ ವರ್ಗೀಕರಣದ್ದು. ಪ್ರೋಮೈಲೋಸೈಟನ್ನು ಬ್ಲಾಸ್ಟ್ ಎಂದು ಎಣಿಸಿ ಶೇಕಡಾವನ್ನು ಮೇಲೇರಿಸುವುದು ಇನ್ನೊಂದು ತಪ್ಪು. ಬ್ಲಾಸ್ಟಿನ ಕೋಶಕೇಂದ್ರ ಕಣವನ್ನೆಲ್ಲ ತುಂಬಿಕೊಂಡು ನಯವಾಗಿ, ಒಳಗೆ ತಿಳಿಯಾದ ನ್ಯೂಕ್ಲಿಯೋಲಸ್ ಇಟ್ಟುಕೊಂಡಿರುತ್ತದೆ. ಪ್ರೋಮೈಲೋಸೈಟಿನಲ್ಲಿ ಕೋಶಕೇಂದ್ರ ಒಂದು ಪಕ್ಕಕ್ಕೆ ಸರಿದು, ಅದರ ಬಗಲಲ್ಲಿ ತಿಳಿಬಣ್ಣದ ಜಾಗ ಬಿಟ್ಟು, ನೇರಳೆಗೆಂಪು ಗ್ರಾನ್ಯೂಲುಗಳು ಚೆಲ್ಲಿರುತ್ತವೆ.

ಸೋಂಕೇ ಅಲ್ಲವೇ?

ಪರೀಕ್ಷಕರು ಇದನ್ನು ಕೇಳದೆ ಬಿಡುವುದು ಅಪರೂಪ. ತೀವ್ರ ಸೋಂಕಿನಲ್ಲೂ ಬಿಳಿ ಕಣ 50,000 ದಾಟಿ, ನಾಲ್ಕಾರು ಮೈಲೋಸೈಟುಗಳೂ ಹೊರಬೀಳಬಹುದು. ಇದು ಲ್ಯುಕಿಮಾಯ್ಡ್ ಪ್ರತಿಕ್ರಿಯೆ. ಅಲ್ಲಿ ನ್ಯೂಟ್ರೋಫಿಲ್‌ಗಳೊಳಗೆ ಒರಟಾದ ಕಪ್ಪು ಗ್ರಾನ್ಯೂಲ್‌ಗಳು, ಅಂಚಿನಲ್ಲಿ ಮಾಸಲು ನೀಲಿಯ ಡೋಲೆ ಬಾಡಿಗಳು ಕಾಣುತ್ತವೆ. ಬೇಸೋಫಿಲ್ ಏರುವುದಿಲ್ಲ. ನ್ಯೂಟ್ರೋಫಿಲ್‌ಗಳ ಆಲ್ಕಲೈನ್ ಫಾಸ್ಫಟೇಸ್ ಅಂಕ ಸೋಂಕಿನಲ್ಲಿ ಏರುತ್ತದೆ, ಸಿಎಂಎಲ್‌ನಲ್ಲಿ ಇಳಿಯುತ್ತದೆ.

ಇವುಗಳಲ್ಲಿ ನಾನು ಹೆಚ್ಚು ನಂಬುವುದು ಬೇಸೋಫಿಲನ್ನು. ಶೇ 6 ಎಂದರೆ ಸಣ್ಣದೆನಿಸುತ್ತದೆ. ಲೆಕ್ಕ ಹಾಕಿ ನೋಡಿ: 1,80,000ದಲ್ಲಿ ಶೇ 6 ಎಂದರೆ 10,800. ಆರೋಗ್ಯವಂತನೊಬ್ಬನ ರಕ್ತದಲ್ಲಿ ಎಲ್ಲ ಬಗೆಯ ಬಿಳಿ ಕಣ ಸೇರಿದರೂ 4,000ದಿಂದ 11,000. ಈ ರೈತನಲ್ಲಿ ಬೇಸೋಫಿಲ್‌ಗಳೇ ಅಷ್ಟಿವೆ. ಸೋಂಕು ಇದನ್ನು ಮಾಡುವುದಿಲ್ಲ. ಯಂತ್ರಗಳು ಬೇಸೋಫಿಲ್ ಎಣಿಕೆಯಲ್ಲಿ ಎಡವುವುದುಂಟು, ಆದ್ದರಿಂದ ಕಣ್ಣಿಂದಲೇ ಎಣಿಸಿ.

ಮಜ್ಜೆ ಏನು ಹೇಳುತ್ತದೆ

ಸೊಂಟದ ಹಿಂಬದಿ ಮೂಳೆಯಿಂದ ಮಜ್ಜೆ ಎಳೆಯುವಾಗ ಮೊದಲು ಬರುವ ಅರ್ಧ ಮಿಲಿಲೀಟರಿನೊಳಗಿನ ಭಾಗದಿಂದಲೇ ಸ್ಲೈಡ್ ಮಾಡಬೇಕು. ಹೆಚ್ಚು ಎಳೆದಷ್ಟೂ ರಕ್ತ ಬೆರೆತು ಬ್ಲಾಸ್ಟ್ ಶೇಕಡಾ ನಂಬದಂತಾಗುತ್ತದೆ. ಸ್ಲೈಡಿನ ಮೇಲೆ ಮಜ್ಜೆಯ ಸಣ್ಣ ಕಣಿಕೆಗಳು ಕಾಣದಿದ್ದರೆ ಅದು ಮಜ್ಜೆಯಲ್ಲ, ರಕ್ತ. ಕಣಿಕೆಗಳ ಸುತ್ತಲೇ 500 ಕಣ ಎಣಿಸಿ.

ನಮ್ಮ ಕೇಸಿನಲ್ಲಿ ಮಜ್ಜೆ ಕಿಕ್ಕಿರಿದಿದೆ, ಕೊಬ್ಬಿನ ಜಾಗವೇ ಇಲ್ಲ. ಬಿಳಿ ಕಣದ ಸಂತತಿಗೂ ಕೆಂಪು ಕಣದ ಸಂತತಿಗೂ ಇರುವ ಅನುಪಾತ 20ಕ್ಕೆ 1, ಇರಬೇಕಾದದ್ದು 2ರಿಂದ 4ಕ್ಕೆ 1. ಮೆಗಾಕ್ಯಾರಿಯೋಸೈಟುಗಳು ಹೆಚ್ಚಿವೆ, ಗಿಡ್ಡಗಿವೆ. ಬ್ಲಾಸ್ಟ್ ಶೇ 3. ಇಷ್ಟಾದರೂ ಸಿಎಂಎಲ್ ಎಂದು ಖಚಿತಪಡಿಸುವುದು ಮಜ್ಜೆಯಲ್ಲ, ಬಿಸಿಆರ್-ಎಬಿಎಲ್1 ಜೀನ್. ಅದು ತೋಳಿನಿಂದ ತೆಗೆದ ರಕ್ತದಲ್ಲೇ ಸಿಗುತ್ತದೆ. 9 ಮತ್ತು 22ನೇ ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಂಡಾಗ ಹುಟ್ಟುವ ಜೀನ್ ಇದು. ಮೊಟಕಾದ ಆ 22ನೇ ವರ್ಣತಂತುವನ್ನು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಗುರುತಿಸಿದರು. ಅದು ಅದಲುಬದಲು ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಮಜ್ಜೆ ಪರೀಕ್ಷೆ ಬೇಕಾಗುವುದು ರೋಗ ಯಾವ ಹಂತದಲ್ಲಿದೆ, ಬೇರೆ ವರ್ಣತಂತು ಬದಲಾವಣೆ ಸೇರಿದೆಯೇ ಎಂದು ತಿಳಿಯಲು.

ಸಾಲು ಕಡಿದಿದ್ದರೆ

ಈಗ ಇನ್ನೊಂದು ಚಾರ್ಟ್. ಆರು ವರ್ಷದ ಮಗು, ಹಿಮೋಗ್ಲೋಬಿನ್ 5, ಬಿಳಿ ಕಣ 3,000, ಪ್ಲೇಟ್‌ಲೆಟ್ 18,000. ಮೇಲೆ ಬ್ಲಾಸ್ಟ್, ಕೆಳಗೆ ಒಂದಷ್ಟು ಬಲಿತ ಕಣ, ನಡುವಿನವು ಇಲ್ಲವೇ ಇಲ್ಲ. ಇದು ಅಕ್ಯೂಟ್. ರಕ್ತದಲ್ಲಿ ಬ್ಲಾಸ್ಟ್ ವಿರಳವಾಗಿದ್ದರೆ ಮಜ್ಜೆಯೇ ಹೇಳಬೇಕು, ಅಲ್ಲಿ ಸಸಿಮಡಿಯಂತೆ ಬರೀ ಬ್ಲಾಸ್ಟುಗಳು ತುಂಬಿರುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಬರುವುದು ಲಿಂಫಾಯ್ಡ್ ಬಗೆ, ಎಎಲ್‌ಎಲ್. ಆದರೂ ಬ್ಲಾಸ್ಟಿನ ಮುಖ ನೋಡಿ ಕುಲ ಹೇಳಲು ಹೋಗಬೇಡಿ. ಕೋಶದ್ರವ್ಯದಲ್ಲಿ ಸೂಜಿಯಂಥ ಕೆಂಪು ಔಯರ್ ಕಡ್ಡಿ ಕಂಡರೆ ಮಾತ್ರ ಮೈಲಾಯ್ಡ್ ಎಂದು ಸ್ಲೈಡಿನಿಂದಲೇ ಹೇಳಬಹುದು. ಶೇ 3ರಷ್ಟು ಬ್ಲಾಸ್ಟುಗಳಾದರೂ ಮೈಲೋಪೆರಾಕ್ಸಿಡೇಸ್ ಬಣ್ಣ ಹಿಡಿದರೂ ಅದೇ ಉತ್ತರ. ಹಿಡಿಯದಿದ್ದರೆ ಲಿಂಫಾಯ್ಡ್ ಎಂದಾಗುವುದಿಲ್ಲ, ಫ್ಲೋ ಸೈಟೋಮೆಟ್ರಿ ನೋಡಬೇಕು.

ಅಕ್ಯೂಟ್ ಬಗೆಗಳಲ್ಲಿ ಒಂದಕ್ಕೆ ಕಾಯುವ ಸಮಯವಿಲ್ಲ. ಗ್ರಾನ್ಯೂಲ್ ತುಂಬಿ ತುಳುಕುವ ಪ್ರೋಮೈಲೋಸೈಟುಗಳು, ಎರಡು ಹೋಳಾದಂಥ ಕೋಶಕೇಂದ್ರ, ಸೌದೆ ಹೊರೆ ಕಟ್ಟಿದಂತೆ ಕಟ್ಟುಕಟ್ಟಾಗಿ ಔಯರ್ ಕಡ್ಡಿಗಳು. ಇದು ಅಕ್ಯೂಟ್ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ. ಇಲ್ಲಿ ರೋಗಿಯನ್ನು ಮೊದಲು ಕೊಲ್ಲುವುದು ರಕ್ತಸ್ರಾವ. ಸಂಶಯ ಬಂದ ಗಳಿಗೆಯಲ್ಲೇ ವಾರ್ಡಿಗೆ ಫೋನ್ ಮಾಡಬೇಕು. ಪ್ರೋಥ್ರಾಂಬಿನ್ ಸಮಯ, ಫೈಬ್ರಿನೋಜೆನ್ ನೋಡಿಸಬೇಕು. ಎಟಿಆರ್‌ಎ ಔಷಧ ಜೀನ್ ವರದಿಗೆ ಕಾಯದೆ ಶುರುವಾಗಬೇಕು. ವೈವಾದಲ್ಲಿ ಈ ಮಾತು ಹೇಳದೆ ವರ್ಣತಂತುಗಳ ಸಂಖ್ಯೆ ಮಾತ್ರ ಹೇಳಿದರೆ ಉತ್ತರ ಅರ್ಧವೇ ಆಯಿತು.

ಸಾಲು ಕಡಿದಂತೆ ಕಾಣದೆ, ವಯಸ್ಸಾದವರಲ್ಲಿ ಬರೀ ಬಲಿತ ಸಣ್ಣ ಲಿಂಫೋಸೈಟುಗಳು ತುಂಬಿ, ನಡುನಡುವೆ ಒಡೆದು ಮಸಿ ಬಳಿದಂತಾದ ಕಣಗಳಿದ್ದರೆ ಸಿಎಲ್‌ಎಲ್ ಯೋಚಿಸಿ. ಅಲ್ಲೂ ಕೊನೆಯ ಮಾತು ಫ್ಲೋ ಸೈಟೋಮೆಟ್ರಿಯದು.

ನಮ್ಮ ರೈತನ ಉತ್ತರಪತ್ರಿಕೆಯಲ್ಲಿ ‘ಸಿಎಂಎಲ್, ಕ್ರಾನಿಕ್ ಹಂತ, ಬಿಸಿಆರ್-ಎಬಿಎಲ್1 ಪರೀಕ್ಷೆಗೆ ಸಲಹೆ’ ಎಂದು ಬರೆಯಿರಿ. ಪರೀಕ್ಷಕರು ಆ ಕೇಸನ್ನೇ ಮುಂದುವರಿಸಬಹುದು: ಇಮ್ಯಾಟಿನಿಬ್ ಮಾತ್ರೆ ತಿಂಗಳುಗಟ್ಟಲೆ ಬಿಟ್ಟು, ಎರಡು ವರ್ಷದ ಮೇಲೆ ಬಂದಿದ್ದಾನೆ, ಈಗ ಬ್ಲಾಸ್ಟ್ ಶೇ 26. ಇದು ಬ್ಲಾಸ್ಟ್ ಹಂತ. ಹಿಂದೆ ಮೈಲಾಯ್ಡ್ ಇತ್ತೆಂದು ಈ ಬ್ಲಾಸ್ಟುಗಳನ್ನೂ ಮೈಲಾಯ್ಡ್ ಎಂದು ಬರೆದುಬಿಡಬೇಡಿ. ಬ್ಲಾಸ್ಟ್ ಹಂತಕ್ಕೆ ಹೋದವರಲ್ಲಿ ಹತ್ತಕ್ಕೆ ಎರಡು ಮೂರು ಮಂದಿಯಲ್ಲಿ ಅವು ಲಿಂಫಾಯ್ಡ್ ಆಗಿರುತ್ತವೆ, ಕೊಡುವ ಔಷಧವೂ ಬೇರೆ. ಫ್ಲೋ ಸೈಟೋಮೆಟ್ರಿಗೆ ಹೊಸ ಟ್ಯೂಬ್ ಕಳಿಸಿ, ವರದಿ ಬಂದ ಮೇಲೆ ಕುಲ ಬರೆಯಿರಿ.